ಊರಿಂದ ಬಂದ ಮೇಲೆ ಒಂದೇ ಕಾಲು ಊದಿಕೊಂಡರೆ

ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಜೂನ್ ಮೊದಲ ವಾರ ಕಾಲುನೋವಿನವರು ಜಾಸ್ತಿ. ಮೇ ರಜೆಗೆ ಉಡುಪಿ, ಕುಂದಾಪುರದ ಕಡೆ ಹೋದವರೆಲ್ಲ ಶಾಲೆ ಶುರುವಾಗುವ ಹೊತ್ತಿಗೆ ವಾಪಸ್ ಬರುತ್ತಾರೆ. ರಿಸರ್ವೇಷನ್ ಸಿಗುವುದಿಲ್ಲ, ಸಿಕ್ಕಿದ ಬಸ್ಸಿನಲ್ಲಿ ರಾತ್ರಿಯಿಡೀ ಕೂತೇ ಬರುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಎರಡೂ ಪಾದ ಸ್ವಲ್ಪ ಊದಿರುತ್ತದೆ. ಕಾಲು ಎತ್ತಿಟ್ಟು ಮಲಗಿದರೆ ಮರುದಿನ ಇಳಿಯುತ್ತದೆ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದೇ ಕಾಲು, ಅದರಲ್ಲೂ ಮೀನಖಂಡ ಊದಿ ನೋಯುತ್ತಿದೆ ಅಂದರೆ ಮಾತ್ರ ಟೇಪು ತೆಗೆಯುತ್ತೇನೆ.

ಹಾಗೆ ಬಂದವರಲ್ಲಿ ನಲವತ್ತರ ಆಸುಪಾಸಿನ ಒಬ್ಬ ಅಕ್ಕನ ವಿಷಯ ಹೇಳುತ್ತೇನೆ. ಊರಿಂದ ಬಂದ ಮೂರನೇ ದಿನ ಎಡಗಾಲಿನ ಮೀನಖಂಡ ಬಿಗಿದುಕೊಂಡಂತೆ ನೋವು. ಉಳುಕಿರಬೇಕು ಎಂದು ಅತ್ತೆ ಎಣ್ಣೆ ಹಚ್ಚಿ ತಿಕ್ಕಿದ್ದರು. ಗಂಡ ಮೆಡಿಕಲ್ಲಿನಿಂದ ನೋವಿನ ಮಾತ್ರೆ ತಂದುಕೊಟ್ಟಿದ್ದರು. ನೋವು ತಗ್ಗಿತ್ತು, ಊತ ತಗ್ಗಲಿಲ್ಲ. "ಡಾಕ್ಟ್ರೇ, ಚಪ್ಪಲಿ ಪಟ್ಟಿ ಈ ಕಾಲಿಗೆ ಹಿಡಿಸೋದಿಲ್ಲ" ಅಂದರು. ಎಲ್ಲೂ ಬಿದ್ದಿಲ್ಲ, ಮೆಟ್ಟಿಲಲ್ಲಿ ಜಾರಿಲ್ಲ, ಜ್ವರವೂ ಇಲ್ಲ.

ಕಾಲಿನ ಒಳಗೆ, ಸ್ನಾಯುಗಳ ನಡುವೆ, ರಕ್ತವನ್ನು ಮೇಲಕ್ಕೆ ಒಯ್ಯುವ ದೊಡ್ಡ ರಕ್ತನಾಳಗಳಿವೆ. ನಡೆಯುವಾಗ ಮೀನಖಂಡ ಅವನ್ನು ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ಗಂಟೆಗಟ್ಟಲೆ ಮೊಣಕಾಲು ಮಡಿಸಿ ಕೂತಾಗ ಈ ಕೆಲಸ ನಿಂತು, ರಕ್ತ ಅಲ್ಲೇ ಹೆಪ್ಪುಗಟ್ಟಬಹುದು. ಇದೇ ಡೀಪ್ ವೇನ್ ಥ್ರಾಂಬೋಸಿಸ್, ನಾವು ಡಿವಿಟಿ ಅನ್ನುತ್ತೇವೆ. ಭಯ ಕಾಲಿನದ್ದಲ್ಲ. ಹೆಪ್ಪಿನ ತುಂಡು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ವರದಿಯ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚು ಕೂತು ಪ್ರಯಾಣ ಮಾಡಿದರೆ ಈ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ. ವಿಮಾನವೇ ಆಗಬೇಕೆಂದಿಲ್ಲ, ಬಸ್ಸು, ರೈಲು, ಕಾರಿನಲ್ಲೂ ಹಾಗೆಯೇ. ಎರಡು ಪಟ್ಟು ಅಂದ ಕೂಡಲೇ ಗಾಬರಿ ಬೇಡ. ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರಷ್ಟೇ. ಹಾಗಾಗಿ ಪ್ರಯಾಣದ ಜೊತೆ ಇನ್ನೇನಾದರೂ ಸೇರಿದೆಯಾ ಎಂದು ಹುಡುಕಬೇಕು.

ಗಂಡನನ್ನು ಸ್ವಲ್ಪ ಹೊರಗೆ ಕೂರಲು ಹೇಳಿ ಅಕ್ಕನನ್ನು ಕೇಳಿದೆ. ಯಾವುದಾದರೂ ಮಾತ್ರೆ? "ಇಲ್ಲ." ಬಿಪಿ, ಶುಗರ್? "ಇಲ್ಲ." ಊರಲ್ಲಿ ಪೂಜೆ ಏನಾದರೂ ಇತ್ತಾ? "ಹೌದು, ನಾಗನ ತಂಬಿಲ, ಆಮೇಲೆ ಕೋಲ." ಮುಟ್ಟು ಮುಂದೆ ಹಾಕೋಕೆ ಏನಾದರೂ ತಗೊಂಡ್ರಾ? ಆಗ ಹೊರಬಂತು. ಐದು ಮಿಲಿಗ್ರಾಂನ ನೋರೆಥಿಸ್ಟೆರಾನ್, ದಿನಕ್ಕೆ ಮೂರು, ಎರಡೂ ಕಾರ್ಯಕ್ರಮ ಮುಗಿಯುವ ತನಕ. ನಮ್ಮ ಹೆಂಗಸರು ಇದನ್ನು ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದ್ದರಿಂದ "ಯಾವ ಮಾತ್ರೆ" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಪೂಜೆಯ ಕಡೆಯಿಂದಲೇ ಕೇಳಬೇಕು. ಈ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರಲ್ಲಿ ಸ್ವಲ್ಪ ಭಾಗ ದೇಹದೊಳಗೆ ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ. ಗರ್ಭನಿರೋಧಕ ಗುಳಿಗೆಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವುದೂ ಇದೇ ಈಸ್ಟ್ರೋಜೆನ್.

ಇನ್ನು ಕಾಲು. ಮೊಣಕಾಲ ಚಿಪ್ಪಿನ ಕೆಳಗೆ ಮುಂಭಾಗದಲ್ಲಿ ಒಂದು ಮೂಳೆಯ ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ ಹತ್ತು ಸೆಂಟಿಮೀಟರ್ ಕೆಳಗೆ ಎರಡೂ ಕಾಲಿಗೆ ಪೆನ್ನಿನಿಂದ ಗುರುತು ಹಾಕಿ, ಅಲ್ಲೇ ಸುತ್ತಳತೆ ತೆಗೆದೆ. ಬಲಗಾಲು 33, ಎಡಗಾಲು 36.5. ವ್ಯತ್ಯಾಸ ಮೂರು ಸೆಂಟಿಮೀಟರ್ ದಾಟಿದರೆ, ಡಿವಿಟಿ ಸಾಧ್ಯತೆ ಅಳೆಯುವ ವೆಲ್ಸ್ ಸ್ಕೋರ್‌ನಲ್ಲಿ ಒಂದು ಅಂಕ. ಬೆರಳಿನಿಂದ ಒತ್ತಿದರೆ ಆ ಕಾಲಿನಲ್ಲಿ ಮಾತ್ರ ಗುಳಿ ಬೀಳುತ್ತಿತ್ತು, ಅದಕ್ಕೊಂದು ಅಂಕ. ಮೀನಖಂಡದ ನಡುವೆ, ಆಳದ ರಕ್ತನಾಳದ ದಾರಿಯುದ್ದಕ್ಕೂ ಮುಟ್ಟಿದರೆ ನೋವು, ಇನ್ನೊಂದು ಅಂಕ. ಒಟ್ಟು ಮೂರು. ಎರಡು ಅಥವಾ ಅದಕ್ಕಿಂತ ಹೆಚ್ಚು ಬಂತೆಂದರೆ ಡಿವಿಟಿ ಇರುವ ಸಾಧ್ಯತೆಯೇ ಹೆಚ್ಚು ಎಂದು ಹಿಡಿದು ಮುಂದುವರಿಯಬೇಕು. ಗಮನಿಸಿ, ಈ ಸ್ಕೋರ್‌ನಲ್ಲಿ ಪ್ರಯಾಣಕ್ಕೂ ಅಂಕವಿಲ್ಲ, ಮಾತ್ರೆಗೂ ಇಲ್ಲ. ಅವು ನಮ್ಮ ಅನುಮಾನಕ್ಕೆ ಮಾತ್ರ. ಪಾದವನ್ನು ಮೇಲಕ್ಕೆ ಮಡಚಿ ಮೀನಖಂಡ ನೋಯುತ್ತದಾ ಎಂದು ನೋಡುವ ಹಳೇ ಪರೀಕ್ಷೆಯನ್ನು ನಾನು ಮಾಡುವುದೇ ಇಲ್ಲ. ಡಿವಿಟಿ ಇದ್ದರೂ ನೋಯದೇ ಇರಬಹುದು, ಬರೀ ಉಳುಕಿದ್ದರೂ ನೋಯಬಹುದು.

ಬೇರೆ ಕಾರಣಗಳನ್ನೂ ನೋಡಬೇಕು. ಸ್ನಾಯು ಹರಿದಿದ್ದರೆ ಸಾಮಾನ್ಯವಾಗಿ ಯಾವ ಕ್ಷಣದಲ್ಲಿ ಆಯಿತೆಂದು ರೋಗಿಯೇ ಹೇಳುತ್ತಾರೆ. ಚರ್ಮದ ಸೋಂಕಾದರೆ ಕೆಂಪಾಗಿ ಜ್ವರ ಬರುತ್ತದೆ. ಮುಂಬೈ ಮಳೆಯಲ್ಲಿ ನೆರೆನೀರು ತುಳಿದವರಿಗೆ ಜ್ವರದ ಜೊತೆ ಎರಡೂ ಮೀನಖಂಡ ಮುಟ್ಟಲಾಗದಷ್ಟು ನೋಯುತ್ತಿದ್ದರೆ ಇಲಿಜ್ವರದ ಯೋಚನೆ ಬರುತ್ತದೆ. ಇಲ್ಲಿ ಅದ್ಯಾವುದೂ ಹೊಂದುತ್ತಿರಲಿಲ್ಲ.

ಸ್ಕೋರ್ ಒಂದೋ ಸೊನ್ನೆಯೋ ಇದ್ದಿದ್ದರೆ ಡಿ-ಡೈಮರ್ ರಕ್ತಪರೀಕ್ಷೆ ಮಾಡಿಸುತ್ತಿದ್ದೆ. ಅದು ನೆಗೆಟಿವ್ ಬಂದರೆ ಅಲ್ಲಿಗೆ ಮುಗಿಯಿತು. ಪಾಸಿಟಿವ್ ಬಂದರೆ ಸ್ಕ್ಯಾನ್ ಬೇಕು, ಏಕೆಂದರೆ ಸೋಂಕು, ಬಸಿರು, ವಯಸ್ಸು, ಯಾವುದರಿಂದಲೂ ಅದು ಏರಬಹುದು. ಈ ಅಕ್ಕನಿಗೆ ನೇರವಾಗಿ ಡಾಪ್ಲರ್ ಸ್ಕ್ಯಾನ್ ಬರೆದೆ. ಆದರೆ ರಾತ್ರಿ ಎಂಟಾಗಿತ್ತು, ಸೋನೋಗ್ರಫಿ ಸೆಂಟರ್ ತೆರೆಯುವುದು ಬೆಳಿಗ್ಗೆ. ಅನುಮಾನ ಇಷ್ಟು ಬಲವಾಗಿದ್ದು, ಸ್ಕ್ಯಾನಿಗೆ ನಾಲ್ಕು ಗಂಟೆಗಿಂತ ತಡವಾಗುವುದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ಮೊದಲೇ ಶುರುಮಾಡುತ್ತೇವೆ. ಅದಕ್ಕೆ ಮುಂಚೆ ಉಸಿರಾಟ, ನಾಡಿ, ಆಕ್ಸಿಜನ್ ನೋಡಿದೆ, ಸರಿಯಿತ್ತು. ಹೊಟ್ಟೆಹುಣ್ಣು, ರಕ್ತಸ್ರಾವ, ಕಿಡ್ನಿ ತೊಂದರೆ ಇತ್ತಾ ಎಂದು ಕೇಳಿದೆ. ಮೂತ್ರದಲ್ಲಿ ಗರ್ಭಪರೀಕ್ಷೆಯನ್ನೂ ಮಾಡಿಸಿದೆ, ಯಾಕೆಂದರೆ ಮುಂದೆ ಕೊಡಬೇಕಾದ ಮಾತ್ರೆ ಬಸಿರಿಯರಿಗೆ ಕೊಡುವಂಥದ್ದಲ್ಲ. ತೂಕ 60 ಕಿಲೋ. ಕಿಲೋಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಎನಾಕ್ಸಪರಿನ್ ಇಂಜೆಕ್ಷನ್ ಹೊಟ್ಟೆಯ ಚರ್ಮದಡಿಗೆ ಕೊಟ್ಟೆ. ಕಾಲು ತಿಕ್ಕಬೇಡಿ, ನೋವಿನ ಮಾತ್ರೆ ನಿಲ್ಲಿಸಿ, ಬೇಕಿದ್ದರೆ ಪ್ಯಾರಾಸಿಟಮಾಲ್ ಸಾಕು ಅಂದೆ. ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ, ತಲೆಸುತ್ತಿ ಬಿದ್ದರೆ ಬೆಳಗಿನ ತನಕ ಕಾಯದೆ ದೊಡ್ಡ ಆಸ್ಪತ್ರೆಯ ಕ್ಯಾಶುಯಾಲ್ಟಿಗೆ ಹೋಗಿ ಎಂದು ಗಂಡನಿಗೂ ಹೇಳಿದೆ.

ಬೆಳಿಗ್ಗೆ ಡಾಪ್ಲರ್. ರೇಡಿಯಾಲಜಿಸ್ಟ್ ತೊಡೆಸಂದಿಯಿಂದ ಕೆಳಕ್ಕೆ ಪ್ರೋಬ್ ಒತ್ತುತ್ತಾ ಬರುತ್ತಾರೆ. ಸರಿಯಿರುವ ರಕ್ತನಾಳ ಒತ್ತಿದರೆ ಗಾಳಿ ಇಲ್ಲದ ಸೈಕಲ್ ಟ್ಯೂಬಿನಂತೆ ಚಪ್ಪಟೆಯಾಗುತ್ತದೆ. ಹೆಪ್ಪು ಇದ್ದರೆ ಆಗುವುದಿಲ್ಲ. ತೊಡೆಯಲ್ಲಿ ಚಪ್ಪಟೆಯಾಯಿತು, ಮೊಣಕಾಲಿನ ಹಿಂದೆ ಆಗಲಿಲ್ಲ. ಒಂದು ವೇಳೆ ಸ್ಕ್ಯಾನ್ ಸರಿ ಬಂದಿದ್ದರೂ ಇಷ್ಟು ಸ್ಕೋರ್ ಇರುವವರನ್ನು ಹಾಗೇ ಬಿಡುವಂತಿಲ್ಲ. ಡಿ-ಡೈಮರ್ ಪಾಸಿಟಿವ್ ಇದ್ದರೆ ಸುಮಾರು ಒಂದು ವಾರದಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕು. ಮೀನಖಂಡದ ಸಣ್ಣ ಹೆಪ್ಪು ಅಷ್ಟರಲ್ಲಿ ಮೇಲಕ್ಕೆ ಬೆಳೆದಿರಬಹುದು.

ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕ್ರಿಯಾಟಿನಿನ್ ಸರಿಯಿದ್ದವು. ಫಿಸಿಶಿಯನ್ ಹೆಪ್ಪು ತಡೆಯುವ ರಿವಾರಾಕ್ಸಬಾನ್ ಮಾತ್ರೆ ಬರೆದರು. 15 ಮಿಲಿಗ್ರಾಂ ದಿನಕ್ಕೆ ಎರಡು ಸಲ ಊಟದ ಜೊತೆ 21 ದಿನ, ಆಮೇಲೆ 20 ಮಿಲಿಗ್ರಾಂ ಒಂದೇ ಸಲ, ಒಟ್ಟು ಮೂರು ತಿಂಗಳು. ಖಾಲಿಹೊಟ್ಟೆಯಲ್ಲಿ ನುಂಗಿದರೆ ಈ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಆದ್ದರಿಂದ ಸೋಮವಾರದ ಉಪವಾಸ ಸದ್ಯಕ್ಕೆ ಬಿಡಿಸಿದೆ. ಮುಟ್ಟು ಮುಂದೂಡುವ ಮಾತ್ರೆ ಇನ್ನು ಮುಂದೆ ಬೇಡವೇ ಬೇಡ ಅಂದೆ. ಹೆಪ್ಪು ತಡೆಯುವ ಔಷಧಿ ನಡೆಯುವಾಗ ಮುಟ್ಟು ಎಂದಿಗಿಂತ ಜಾಸ್ತಿ ಹೋಗಬಹುದು. ಹಾಗಾದರೆ ಹೆದರಿ ಮಾತ್ರೆ ತಾನಾಗಿ ನಿಲ್ಲಿಸಬಾರದು, ಫೋನ್ ಮಾಡಿ ಎಂದಿದ್ದೆ. ಫೋನ್ ಬಂತು. ಹಿಮೋಗ್ಲೋಬಿನ್ 11.8ರಿಂದ 10.2ಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆ ಸೇರಿಸಿ, ಗೈನಕಾಲಜಿಸ್ಟ್ ಹತ್ತಿರ ಕಳಿಸಿದೆ.