ಕೋಳಿ ಪುಕ್ಕ ಗೊಬ್ಬರವಾಗಲು ನಾಲ್ಕು ತಿಂಗಳು

ಬೇಲೂರು ಕಡೆಯ ನಮ್ಮ ತೋಟದಲ್ಲಿ ಕಟ್ಟಿದ ಮೊದಲ ಪುಕ್ಕದ ರಾಶಿಯನ್ನು ಎರಡು ತಿಂಗಳಾದ ಮೇಲೆ ಬಿಚ್ಚಿದಾಗ ಗುದ್ದಲಿಗೆ ಸಿಕ್ಕಿದ್ದು ಗೊಬ್ಬರವಲ್ಲ, ಕಂಬಳಿ. ಒದ್ದೆ ಪುಕ್ಕವನ್ನು ತರಗೆಲೆಯ ನಡುವೆ ಒಂದು ಗೇಣು ದಪ್ಪಕ್ಕೆ ಹಾಸಿದ್ದೆ. ಅದು ಹಾಗೇ ಒತ್ತಿಕೊಂಡು ಬೂದು ಬಣ್ಣದ ಹಾಳೆಯಾಗಿತ್ತು. ಒಂದು ಅಂಚು ಹಿಡಿದು ಎಳೆದರೆ ಇಡೀ ಪದರವೇ ಎದ್ದು ಬಂತು. ಹಾಳೆಯ ಅಡಿಯ ಎಲೆ ಒಣಗಿತ್ತು, ಮೇಲಿನದು ಕೊಳೆತು ನಾರುತ್ತಿತ್ತು. ಆ ಹೊತ್ತಿಗಾಗಲೇ ಪಕ್ಕದ ಮನೆಯ ಅಜ್ಜಿ ಮೂರು ಸಲ ಬಂದು, 'ಏನಪ್ಪಾ ಇದು, ಕಣ್ಣಲ್ಲಿ ನೀರು ಬರ್ತದೆ' ಅಂದು ಹೋಗಿದ್ದರು.

ಅಜ್ಜಿಯ ಕಣ್ಣಲ್ಲಿ ನೀರು ತರಿಸಿದ್ದು ಅಮೋನಿಯಾ. ಅಂದರೆ ಗಿಡಕ್ಕೆ ಸೇರಬೇಕಿದ್ದ ಸಾರಜನಕ ಗಾಳಿಗೆ ಹೋಗುತ್ತಿತ್ತು. ಅಲ್ಲಿಂದ ಈಚೆಗೆ ಪ್ರತಿ ಬೇಸಿಗೆಯಲ್ಲೂ ಒಂದು ರಾಶಿ ಕಟ್ಟುತ್ತಿದ್ದೇನೆ. ಈಗ ಕೈ ಹಿಡಿದಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಪುಕ್ಕ ಯಾಕೆ ಬೇಗ ಕೊಳೆಯುವುದಿಲ್ಲ

ಪುಕ್ಕ, ಕೂದಲು, ಉಗುರು, ಕೊಂಬು ಎಲ್ಲವೂ ಕೆರಟಿನ್ ಎಂಬ ಪ್ರೋಟೀನಿನಿಂದ ಆದವು. ಈ ಪ್ರೋಟೀನಿನ ಎಳೆಗಳನ್ನು ಗಂಧಕದ ಕೊಂಡಿಗಳು ಒಂದಕ್ಕೊಂದು ಬಿಗಿದಿರುತ್ತವೆ. ಮಾಂಸವನ್ನು ಕರಗಿಸುವ ಸಾಮಾನ್ಯ ಸೂಕ್ಷ್ಮಜೀವಿಗಳಿಗೆ ಈ ಗಂಟು ಬಿಚ್ಚಲು ಬರುವುದಿಲ್ಲ. ಬಿಚ್ಚಬಲ್ಲವು ಕೆಲವೇ, ಅದರಲ್ಲೂ ಬ್ಯಾಸಿಲಸ್ ಜಾತಿಯ ಕೆಲವು ಬ್ಯಾಕ್ಟೀರಿಯಾ ಮತ್ತು ಕೆಲವು ಶಿಲೀಂಧ್ರಗಳು. ಅವು ಕೆಲಸ ಮಾಡಲು ಬಿಸಿ, ತೇವ, ಗಾಳಿ ಮೂರೂ ಬೇಕು.

ಗಂಟು ಬಿಚ್ಚಿದರೆ ಒಳಗೆ ಸಿಗುವುದು ಕಡಿಮೆಯೇನಲ್ಲ. ಒಣಗಿದ ಪುಕ್ಕದ ತೂಕದಲ್ಲಿ ನೂರಕ್ಕೆ ಸುಮಾರು 15 ಭಾಗ ಸಾರಜನಕ. ನಾವು ತೋಟಕ್ಕೆ ಹಾಕುವ ಕೊಟ್ಟಿಗೆ ಗೊಬ್ಬರದಲ್ಲಿ ಅದು ನೂರಕ್ಕೆ ಅರ್ಧ ಭಾಗದಷ್ಟು. ಆದರೆ ಸೂಕ್ಷ್ಮಜೀವಿಗಳಿಗೆ ಒಂದು ಭಾಗ ಸಾರಜನಕದ ಜೊತೆ ಇಪ್ಪತ್ತಕ್ಕೂ ಹೆಚ್ಚು ಭಾಗ ಇಂಗಾಲ ಬೇಕು, ಪುಕ್ಕದಲ್ಲಿ ಇರುವುದು ಮೂರು ಭಾಗ ಚಿಲ್ಲರೆ ಮಾತ್ರ. ಈ ಕೊರತೆಯನ್ನು ಹುಲ್ಲಿನಿಂದಲೋ ತರಗಿನಿಂದಲೋ ತುಂಬಬೇಕು. ನನ್ನ ಮೊದಲ ರಾಶಿ ಸೋತಿದ್ದು ಇಲ್ಲೇ. ಒಂದು ಚೀಲ ಪುಕ್ಕಕ್ಕೆ ಒಂದು ಚೀಲ ಎಲೆ ಹಾಕಿ ಲೆಕ್ಕ ಸರಿಯಾಯಿತು ಅಂದುಕೊಂಡಿದ್ದೆ.

ಯಾವ ಪುಕ್ಕ ತರಬೇಕು

ಕೋಳಿ ಅಂಗಡಿಗಳಲ್ಲಿ ಎರಡು ಥರದ ಪುಕ್ಕ ಸಿಗುತ್ತದೆ. ಚರ್ಮ ಸಮೇತ ಸುಲಿದು ಕೊಡುವ ಅಂಗಡಿಯಲ್ಲಿ ಪುಕ್ಕ ಚರ್ಮಕ್ಕೇ ಅಂಟಿರುತ್ತದೆ. ಅದರಲ್ಲಿ ಕೊಬ್ಬು ಜಾಸ್ತಿ, ಅದು ಬೇಗ ನಾರುತ್ತದೆ, ನಾಯಿಗಳನ್ನು ಕರೆಯುತ್ತದೆ. ಬಿಸಿನೀರಿನಲ್ಲಿ ಅದ್ದಿ ಮೆಷಿನ್ನಿನಲ್ಲಿ ಪುಕ್ಕ ಉದುರಿಸುವ ಅಂಗಡಿಯದ್ದು ಬಿಡಿಬಿಡಿಯಾಗಿ, ತಕ್ಕಮಟ್ಟಿಗೆ ಚೊಕ್ಕಟವಾಗಿ ಸಿಗುತ್ತದೆ. ಹೊಸಬರು ಇದನ್ನೇ ತನ್ನಿ. 'ಕರುಳು ಬೇರೆ ಚೀಲಕ್ಕೆ ಹಾಕಿ ಅಣ್ಣಾ' ಎಂದು ಮೊದಲೇ ಹೇಳಿಟ್ಟರೆ ಅಂಗಡಿಯವರು ಹಾಗೇ ಮಾಡಿಕೊಡುತ್ತಾರೆ. ಅವರಿಗೂ ಭಾನುವಾರ ಸಂಜೆ ಚೀಲ ಎಲ್ಲಿಗೆ ಸಾಗಿಸುವುದೆಂಬ ಚಿಂತೆ ಇರುತ್ತದೆ.

ಸತ್ತ ಕೋಳಿಯ ಪುಕ್ಕ ಮಾತ್ರ ಬೇಡ. ಹಕ್ಕಿ ಜ್ವರದ ಸುದ್ದಿ ಇರುವಾಗ ಯಾವ ಪುಕ್ಕವನ್ನೂ ತರಬೇಡಿ.

ಮೂವತ್ತು ಕೆಜಿಯ ಒಂದು ರಾಶಿ

ಭಾನುವಾರದ ವ್ಯಾಪಾರ ಮುಗಿದ ಮೇಲೆ ನನಗೆ ಸಿಗುವುದು ಸುಮಾರು 30 ಕೆಜಿ ಒದ್ದೆ ಪುಕ್ಕ. ಇದರಲ್ಲಿ ಮೂರನೇ ಎರಡು ಭಾಗ ನೀರು. ಒಣ ತೂಕ 10 ಕೆಜಿ ಎಂದಿಟ್ಟುಕೊಂಡರೆ ಅದರಲ್ಲಿ ಒಂದೂವರೆ ಕೆಜಿ ಸಾರಜನಕ. ಇಷ್ಟಕ್ಕೆ ಬೇಕಾಗುವುದು 100 ಕೆಜಿ ಭತ್ತದ ಹುಲ್ಲು. ಓದಿದವರಿಗೆ ಇದು ವಿಪರೀತ ಅನ್ನಿಸಬಹುದು, ಆದರೆ ಲೆಕ್ಕ ಹಾಕಿದರೆ ಈ ಅಳತೆಯಲ್ಲೇ ಇಂಗಾಲ ಸಾರಜನಕದ ಇಪ್ಪತ್ತೊಂದು ಪಟ್ಟು ಬರುತ್ತದೆ. ದನಕ್ಕೆ ಹಾಕುವ ಒಳ್ಳೆಯ ಹುಲ್ಲನ್ನು ಇದಕ್ಕೆ ಸುರಿಯಬೇಡಿ. ಮೆದೆಯ ತಳದಲ್ಲಿ ನೆಲಕ್ಕೆ ತಾಗಿ ಕಪ್ಪಾದ ಹುಲ್ಲು, ಮಳೆಗೆ ನೆನೆದು ಮುಗ್ಗಿದ್ದು ಸಾಕು. ಕಾಫಿ ತೋಟದವರು ಅರ್ಧ ಹುಲ್ಲಿನ ಬದಲು ಸಿಲ್ವರ್ ಓಕ್ ತರಗು ಸೇರಿಸಬಹುದು. ಅದು ನಿಧಾನಕ್ಕೆ ಕೊಳೆಯುತ್ತದೆ, ಆದರೆ ರಾಶಿಯೊಳಗೆ ಗಾಳಿ ಆಡಲು ಜಾಗ ಬಿಡುತ್ತದೆ.

ಹುಲ್ಲನ್ನು ಒಂದು ಗೇಣಿಗೆ ಕತ್ತರಿಸಿ ಹಿಂದಿನ ದಿನವೇ ನೀರು ಚಿಮುಕಿಸಿಡಿ. ಒಣ ಹುಲ್ಲು ನೀರನ್ನು ಒಮ್ಮೆಗೇ ಕುಡಿಯುವುದಿಲ್ಲ, ಮೇಲಿಂದ ಸುರಿದರೆ ಹರಿದು ಹೋಗುತ್ತದೆ. ಈ ರಾಶಿಗೆ ಒಟ್ಟು 80 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಸ್ವಲ್ಪಕ್ಕೆ 20 ಕೆಜಿ ಹಸಿ ಸಗಣಿ ಕದಡಿ ಬಗ್ಗಡ ಮಾಡಿಕೊಳ್ಳಿ. ಇನ್ನೊಂದು ಮಂಕರಿ ಹಳೆಯ ಕೋಳಿಗೂಡಿನ ಮಣ್ಣು ಬೇಕು. ವರ್ಷಗಟ್ಟಲೆ ಪುಕ್ಕ ಬಿದ್ದು ಕರಗಿದ ಜಾಗದಲ್ಲೇ ಪುಕ್ಕ ಕರಗಿಸುವ ಜೀವಿಗಳು ನೆಲೆಸಿರುತ್ತವೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಈ ಮಣ್ಣು.

ಈಗ ಪುಕ್ಕವನ್ನು ಪದರವಾಗಿ ಹಾಸದೆ ಹುಲ್ಲಿನೊಂದಿಗೆ ಕೈಯಿಂದ ಬೆರೆಸಿ. ಕೈಗವಸು, ಮೂಗಿಗೆ ಬಟ್ಟೆ ಇರಲಿ. ನೆಲದ ಮೇಲೆ ಹುಲ್ಲು ಹರಡಿ, ಅದರ ಮೇಲೆ ಪುಕ್ಕ ಉದುರಿಸಿ, ಬಗ್ಗಡ ಮತ್ತು ಗೂಡಿನ ಮಣ್ಣು ಚೆಲ್ಲಿ, ಹಿಟ್ಟಿಗೆ ಎಣ್ಣೆ ಹಿಡಿಸಿದಂತೆ ತಿರುವಿ ಹಾಕಿ. ಎಲ್ಲೂ ಅಂಗೈ ಅಗಲದ ಪುಕ್ಕದ ಮುದ್ದೆ ಉಳಿಯಬಾರದು. ಈ ಒಂದು ಗಂಟೆಯ ಕೆಲಸ ಉಳಿಸಿಕೊಂಡಿದ್ದಕ್ಕೇ ನನಗೆ ಆ ಕಂಬಳಿ ಸಿಕ್ಕಿದ್ದು. ಬೆರೆಸಿದ್ದನ್ನು ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರಕ್ಕೆ ಒಟ್ಟಿ. ಇದಕ್ಕಿಂತ ಚಿಕ್ಕ ರಾಶಿ ಬಿಸಿಯನ್ನು ಹಿಡಿದಿಡುವುದಿಲ್ಲ. ಮೇಲೆ ಒಂದು ಗೇಣು ಬರೀ ಹುಲ್ಲು ಹೊದಿಸಿ, ಸುತ್ತ ಜಾಲರಿ ಕಟ್ಟಿ. ಜಾಲರಿ ನಾಯಿಗೆ ಮಾತ್ರವಲ್ಲ, ದನಕ್ಕೂ. ಕೋಳಿಯ ಕಸ ತಿಂದ ದನಕ್ಕೆ ಬೊಟುಲಿಸಂ ಎಂಬ ಪಾರ್ಶ್ವವಾಯು ತಗಲುವ ಅಪಾಯವಿದೆ.

ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ತಗಡಿನ ಸೂರಿಲ್ಲದೆ ಇದನ್ನು ಮಾಡಲಾಗದು. ಅರಸೀಕೆರೆ ಕಡೆಯವರಿಗೆ ಮರದ ನೆರಳು ಸಾಕು, ಆದರೆ ನೀರನ್ನು ಹೆಚ್ಚು ಸಲ ಕೊಡಬೇಕಾಗುತ್ತದೆ. ನಾನು ಒಕ್ಕಣೆ ಮುಗಿದ ಮೇಲೆ ಜನವರಿಯಲ್ಲಿ ಕಟ್ಟುತ್ತೇನೆ.

ಹಾರೆ ಮತ್ತು ಮೂಗು

ಮೂರನೇ ದಿನ ರಾಶಿಯ ನಡುವಿಗೆ ಹಾರೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಲು ಆಗದಷ್ಟು ಸುಡಬೇಕು. ಅದು 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ. ರೋಗಾಣುಗಳು ಸಾಯಲು ರಾಶಿಯ ಪ್ರತಿ ಭಾಗವೂ ಕನಿಷ್ಠ ಮೂರು ದಿನ ಈ ಬಿಸಿಯಲ್ಲಿ ಇರಬೇಕು. ಹೊರಗಿನದು ಒಳಗೆ ಹೋಗುವಂತೆ ಮಗುಚುವುದು ಅದಕ್ಕಾಗಿಯೇ. ಮೊದಲ ಮಗುಚು ಆರನೇ ದಿನ, ಆಮೇಲೆ ಒಂದು ತಿಂಗಳು ವಾರಕ್ಕೊಮ್ಮೆ, ಅಲ್ಲಿಂದ ಮುಂದೆ ಹದಿನೈದು ದಿನಕ್ಕೊಮ್ಮೆ.

ಮಗುಚುವಾಗ ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ತೇವ ಸರಿಯಿದೆ. ಮೂಗು ಸುಡುವ ವಾಸನೆ ಬಂದರೆ ಅದು ಅಮೋನಿಯಾ, ಸಾರಜನಕ ಹೆಚ್ಚಾಗಿದೆ ಎಂದರ್ಥ. ಅದೇ ಗಳಿಗೆ ಒಣ ಹುಲ್ಲು ಸೇರಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ರೋಗ ಬೇರೆ: ಒಳಗೆ ನೀರು ನಿಂತು ಗಾಳಿ ಕಟ್ಟಿದೆ, ಪುಕ್ಕದ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬರುತ್ತಿದೆ. ಇದಕ್ಕೆ ರಾಶಿಯನ್ನು ಬಿಚ್ಚಿ ಅರ್ಧ ದಿನ ಹರಡಿ ಮತ್ತೆ ಕಟ್ಟುವುದೇ ಮದ್ದು. ವಾಸನೆಯೂ ಇಲ್ಲ, ಬಿಸಿಯೂ ಇಲ್ಲ ಎಂದರೆ ಹೆಚ್ಚಿನ ಸಲ ರಾಶಿ ಒಣಗಿರುತ್ತದೆ.

ಪುಕ್ಕದಲ್ಲಿ ಮೊದಲು ಮಾಯವಾಗುವುದು ಮೆತ್ತನೆಯ ತುಪ್ಪಳ. ಎರಡನೇ ತಿಂಗಳಿಗೆ ದಂಟು ಮಾತ್ರ ಉಳಿದಿರುತ್ತದೆ, ಬಾಗಿಸಿದರೆ ಸ್ಪ್ರಿಂಗಿನಂತೆ ನೆಟ್ಟಗಾಗುತ್ತದೆ. ನಾಲ್ಕನೇ ತಿಂಗಳಲ್ಲಿ ಅದೇ ದಂಟು ಎರಡು ಬೆರಳ ನಡುವೆ ಪುಡಿಯಾದರೆ ಗೊಬ್ಬರ ಸಿದ್ಧವಾಗುತ್ತಿದೆ ಎಂದು ತಿಳಿಯಿರಿ. ಕೊನೆಗೊಮ್ಮೆ ಇದರಲ್ಲಿ ಹತ್ತು ಹೆಸರುಕಾಳು ಬಿತ್ತಿ ನೋಡಿ. ಎಂಟೊಂಬತ್ತು ಮೊಳೆತು ಬೇರು ಬಿಳಿಯಾಗಿದ್ದರೆ ತೋಟಕ್ಕೆ ಹಾಕಬಹುದು. ಬೇರಿನ ತುದಿ ಕಂದಿದ್ದರೆ ಇನ್ನೂ ಮೂರು ವಾರ ಬಿಡಿ.

ಕೂದಲು, ಚರ್ಮ

ಕಟಿಂಗ್ ಶಾಪಿನ ತುಂಡು ಕೂದಲನ್ನೂ ಇದೇ ರಾಶಿಗೆ ಹಾಕಬಹುದು, ಆದರೆ 30 ಕೆಜಿ ಪುಕ್ಕಕ್ಕೆ ಒಂದು ಕೆಜಿ ಮೀರದಿರಲಿ. ಕೂದಲಿನಲ್ಲಿ ಗಂಧಕದ ಕೊಂಡಿಗಳು ಪುಕ್ಕಕ್ಕಿಂತ ಹೆಚ್ಚು, ಹಾಗಾಗಿ ನಾಲ್ಕು ತಿಂಗಳಾದರೂ ಎಳೆ ಎಳೆಯಾಗಿ ಕಾಣುತ್ತಿರುತ್ತದೆ, ಮಣ್ಣಿನಲ್ಲಿ ಮುಂದೆ ಕರಗುತ್ತದೆ. ತರುವ ಮೊದಲು ಚೀಲವನ್ನು ಹಾಳೆಯ ಮೇಲೆ ಸುರುವಿ ಬ್ಲೇಡಿನ ತುಂಡು ಹುಡುಕಿ. ಬಣ್ಣ ಹಾಕಿದ ಕೂದಲು ಬೇಡ. ಹೆಂಗಸರ ಬಾಚಣಿಗೆಯ ಉದ್ದ ಕೂದಲನ್ನು ಗೊಬ್ಬರಕ್ಕೆ ಹಾಕಿದರೆ ನಷ್ಟ. ಅದಕ್ಕೆ ಕೊಳ್ಳುವವರಿದ್ದಾರೆ, ಮನೆ ಬಾಗಿಲಿಗೇ ಬರುತ್ತಾರೆ.

ಚಪ್ಪಲಿ ಹೊಲಿಯುವವರ ಬಳಿಯ ಚರ್ಮದ ಚೂರು ಮಾತ್ರ ಈ ರಾಶಿಗೆ ಸೇರಲೇಕೂಡದು. ಇಂದಿನ ಹೆಚ್ಚಿನ ಚರ್ಮವನ್ನು ಹದ ಮಾಡುವುದು ಕ್ರೋಮಿಯಂ ಲವಣದಿಂದ. ಕೊಳೆಯಬಾರದೆಂದೇ ಹದ ಮಾಡಿದ ಚರ್ಮ ರಾಶಿಯಲ್ಲಿ ಕೊಳೆಯುವುದಿಲ್ಲ, ಕೊಳೆತಷ್ಟೂ ಕ್ರೋಮಿಯಂ ಮಣ್ಣಿಗೆ ಇಳಿಯುತ್ತದೆ. ಕತ್ತರಿಸಿದ ಅಂಚು ನೀಲಿ ಬೂದು ಬಣ್ಣದಲ್ಲಿದ್ದರೆ ಅದು ಕ್ರೋಮಿನ ಚರ್ಮವೇ. ಕಂದು ಅಂಚಿನದ್ದನ್ನೂ ನಂಬುವಂತಿಲ್ಲ, ಬಣ್ಣ ಒಳಗಿನವರೆಗೂ ಹಿಡಿದಿರಬಹುದು. ಸುಟ್ಟು ಬೂದಿ ಮಾಡುವುದು ಇನ್ನೂ ಕೆಟ್ಟದ್ದು, ಬೆಂಕಿಯಲ್ಲಿ ಕ್ರೋಮಿಯಂ ಹೆಚ್ಚು ವಿಷಕಾರಿ ರೂಪಕ್ಕೆ ತಿರುಗಬಲ್ಲದು.

ಕೊನೆಗೆ ಸಿಗುವುದೆಷ್ಟು

30 ಕೆಜಿ ಪುಕ್ಕದ ರಾಶಿ ಇಳಿದು ಸುಮಾರು 100 ಕೆಜಿ ಗೊಬ್ಬರವಾಗುತ್ತದೆ. ಪುಕ್ಕದ ಸಾರಜನಕದ ಜೊತೆ ಹುಲ್ಲು, ಸಗಣಿಯದ್ದೂ ಸೇರಿರುತ್ತದೆ, ಅದರಲ್ಲಿ ಸ್ವಲ್ಪ ಗಾಳಿಗೆ ಹೋಗಿ ಉಳಿಯುವುದು ಒಂದೂವರೆ ಕೆಜಿಯ ಆಸುಪಾಸು. ಅದು ಮೂರು ಕೆಜಿ ಚಿಲ್ಲರೆ ಯೂರಿಯಾದ ಸಾರಜನಕಕ್ಕೆ ಸಮ, ಅಂಗಡಿಯ ದರದಲ್ಲಿ ಇಪ್ಪತ್ತು ರೂಪಾಯಿಯ ಮಾತು. ದುಡ್ಡು ಉಳಿಸಲು ಇದನ್ನು ಮಾಡಹೊರಟವರಿಗೆ ಕೂಲಿಯೂ ಗಿಟ್ಟುವುದಿಲ್ಲ, ಇದನ್ನು ಮೊದಲೇ ತಿಳಿದಿರಲಿ. ನಾನು ಮಾಡುವುದು ಯೂರಿಯಾ ಕೊಡದ ಎರಡು ಕಾರಣಕ್ಕೆ. ಸಾರಜನಕ ಒಂದೇ ಮಳೆಗೆ ಕೊಚ್ಚಿಹೋಗದೆ ತಿಂಗಳುಗಟ್ಟಲೆ ಬಿಡುಗಡೆಯಾಗುತ್ತದೆ. ಮುಗ್ಗಿದ ಹುಲ್ಲು ಮಣ್ಣಿಗೆ ಸಾವಯವ ಅಂಶವಾಗಿ ಸೇರುತ್ತದೆ. ಜೊತೆಗೆ, ಆ ಮೂವತ್ತು ಕೆಜಿ ಹಳ್ಳಕ್ಕೆ ಬೀಳುವುದು ತಪ್ಪುತ್ತದೆ.

ಬಾಳೆಗೆ ಬುಡಕ್ಕೆರಡು ಕೆಜಿ, ಕಾಫಿ ಗಿಡಕ್ಕೆ ಒಂದು ಕೆಜಿ ಕೊಡುತ್ತೇನೆ. ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಹಾಕುವುದಿಲ್ಲ. ಕಾಫಿಗೆ ಜೂನ್, ಜುಲೈನ ಜಡಿಮಳೆ ಕಳೆದು ಸೆಪ್ಟೆಂಬರಿನಲ್ಲಿ, ಬುಡದಿಂದ ಒಂದಡಿ ದೂರಕ್ಕೆ, ತರಗನ್ನು ಸರಿಸಿ ಹಾಕಿ ಮತ್ತೆ ಮುಚ್ಚಬೇಕು. ಹಾಕುವ ಮುನ್ನ ಅರ್ಧ ಇಂಚಿನ ಜರಡಿಯಲ್ಲಿ ಜಾಳಿಸಿದರೆ ಕರಗದ ದಂಟು, ಕೂದಲ ಗಂಟು ಮೇಲುಳಿಯುತ್ತವೆ. ಅವನ್ನು ಚೀಲದಲ್ಲಿ ಕಟ್ಟಿ ನೆರಳಿನಲ್ಲಿಟ್ಟಿದ್ದೇನೆ. ಮುಂದಿನ ಜನವರಿಗೆ ಕೋಳಿಗೂಡಿನ ಮಣ್ಣು ಹುಡುಕಬೇಕಿಲ್ಲ, ಇದೇ ಹೆಪ್ಪು.