ಟಿ-ಸ್ಕೋರ್ −2.3 ಇದ್ದರೂ ಚಿಕಿತ್ಸೆ ಬೇಕೇ? ಆಸ್ಟಿಯೋಪೊರೋಸಿಸ್ ಔಷಧಿ ಆರಿಸುವ ಬಗೆ

ಮೂಳೆ ಸವೆದು ಸುಲಭವಾಗಿ ಮುರಿಯುವ ಆಸ್ಟಿಯೋಪೊರೋಸಿಸ್‌ಗೆ ಕೊಡುವ ಔಷಧಿಗಳ ಪಟ್ಟಿ ಬಾಯಿಪಾಠ ಮಾಡುವುದು ಕಷ್ಟವಲ್ಲ. ಯಾವುದು ಯಾರಿಗೆ, ನಿಲ್ಲಿಸಿದರೆ ಏನಾಗುತ್ತದೆ ಎಂಬಲ್ಲೇ ವಿದ್ಯಾರ್ಥಿಗಳು ತಡವರಿಸುತ್ತಾರೆ. ಅದಕ್ಕೆ ಒಂದು ಕೇಸ್ ಹಿಡಿದು ನೋಡೋಣ.

68 ವರ್ಷದ ಮಹಿಳೆ. ತೂಕ 48 ಕೆಜಿ. ಕೆಲವು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಅವರ ತಾಯಿಗೂ ಸೊಂಟದ ಮೂಳೆ ಮುರಿದಿತ್ತು. ಡೆಕ್ಸಾ ಸ್ಕ್ಯಾನ್‌ನಲ್ಲಿ ತೊಡೆಮೂಳೆಯ ಕತ್ತಿನ ಸಾಂದ್ರತೆ ಚದರ ಸೆಂ.ಮೀ.ಗೆ 0.582 ಗ್ರಾಂ. ರಕ್ತದ ಕ್ರಿಯಾಟಿನಿನ್ ಡೆಸಿಲೀಟರ್‌ಗೆ 1.3 ಮಿ.ಗ್ರಾಂ.

ಹಂತ 1: ಮೂಳೆಯೊಳಗೆ ಏನಾಗಿದೆ?

ಮೂಳೆ ದಿನವೂ ಕರಗುತ್ತದೆ, ದಿನವೂ ಕಟ್ಟಿಕೊಳ್ಳುತ್ತದೆ. ಕರಗಿಸುವುದು ಆಸ್ಟಿಯೋಕ್ಲಾಸ್ಟ್, ಕಟ್ಟುವುದು ಆಸ್ಟಿಯೋಬ್ಲಾಸ್ಟ್. ಒಂದು ಜಾಗದಲ್ಲಿ ಕರಗಿಸುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಅದನ್ನು ತುಂಬಲು ತಿಂಗಳುಗಳೇ ಬೇಕು. ಹಾಗಾಗಿ ಕರಗುವ ವೇಗ ಸ್ವಲ್ಪ ಜಾಸ್ತಿಯಾದರೂ ಮೂಳೆ ನಷ್ಟಕ್ಕೆ ಬೀಳುತ್ತದೆ.

ಆಸ್ಟಿಯೋಕ್ಲಾಸ್ಟ್ ಬೆಳೆಯಲು ರ‍್ಯಾಂಕ್-ಲಿಗಂಡ್ ಎಂಬ ಪ್ರೋಟೀನ್ ಬೇಕು. ಅದನ್ನು ಹಿಡಿದು ತಡೆಯುವುದು ಆಸ್ಟಿಯೋಪ್ರೊಟೆಜೆರಿನ್. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ರ‍್ಯಾಂಕ್-ಲಿಗಂಡ್ ಕೈ ಮೇಲಾಗುತ್ತದೆ. ಈ ಒಂದು ಸಾಲು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಹಂತ 2: ಅಪಾಯ ಲೆಕ್ಕ ಹಾಕಿ

ಯುವತಿಯರ ಸರಾಸರಿ ಸಾಂದ್ರತೆ 0.858, ಸ್ಟ್ಯಾಂಡರ್ಡ್ ಡೀವಿಯೇಷನ್ 0.120 ಎಂದು ಇಟ್ಟುಕೊಳ್ಳಿ. ಆ ಸರಾಸರಿಯಿಂದ ರೋಗಿ ಎಷ್ಟು ಡೀವಿಯೇಷನ್ ದೂರ ಎಂಬುದೇ ಟಿ-ಸ್ಕೋರ್:

T = (0.582 − 0.858) ÷ 0.120 = −2.3

ವಿಶ್ವ ಆರೋಗ್ಯ ಸಂಸ್ಥೆಯ ಗೆರೆ −2.5. ಅಂದರೆ ಸ್ಕ್ಯಾನ್ ಪ್ರಕಾರ ಇವರಿಗೆ ಇನ್ನೂ ಆಸ್ಟಿಯೋಪೊರೋಸಿಸ್ ಇಲ್ಲ, ಅದಕ್ಕಿಂತ ಮುಂಚಿನ ಹಂತವಾದ ಆಸ್ಟಿಯೋಪೀನಿಯಾ ಮಾತ್ರ. ಇಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ಮೂಳೆ ಮುರಿಯುವುದು ಸಾಂದ್ರತೆಯೊಂದರಿಂದಲೇ ಅಲ್ಲವಲ್ಲ.

ಅದಕ್ಕೇ ಫ್ರಾಕ್ಸ್ ಎಂಬ ಅಪಾಯ ಲೆಕ್ಕ ಹಾಕುವ ಸಾಧನ ಬೇಕು. ವಯಸ್ಸು, ಎತ್ತರ, ತೂಕ, ಹಿಂದಿನ ಮುರಿತ, ತಾಯಿ-ತಂದೆಯ ಸೊಂಟದ ಮುರಿತ, ಸಿಗರೇಟು, ಮದ್ಯ, ಸ್ಟೀರಾಯ್ಡ್, ರುಮಟಾಯ್ಡ್ ಆರ್ಥ್ರೈಟಿಸ್ ಇಂಥ ವಿವರ ಕೊಟ್ಟರೆ, ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಹೇಳುತ್ತದೆ. ಭಾರತದ ಮಾದರಿಯನ್ನೇ ಆರಿಸಿ. ಅಮೆರಿಕದಲ್ಲಿ ಸೊಂಟಕ್ಕೆ 3%, ಒಟ್ಟು ಪ್ರಮುಖ ಮುರಿತಗಳಿಗೆ 20% ದಾಟಿದರೆ ಚಿಕಿತ್ಸೆ ಶುರು ಮಾಡುತ್ತಾರೆ. ಆ ಗೆರೆಯನ್ನು ಎಲ್ಲ ದೇಶಕ್ಕೂ ಸುಮ್ನೆ ಎಳೆಯಬಾರದು.

ಫ್ರಾಕ್ಸ್‌ಗೂ ಮಿತಿ ಇದೆ. ಹಿಂದೆ ಮುರಿದಿತ್ತೇ ಎಂದಷ್ಟೇ ಕೇಳುತ್ತದೆ, ಎಷ್ಟು ಸಲ ಎಂದು ಕೇಳುವುದಿಲ್ಲ. ಸ್ಟೀರಾಯ್ಡ್ ಡೋಸ್ ಕೂಡ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಕೇಸ್‌ನಲ್ಲಿ ನಿಂತ ಎತ್ತರದಿಂದ ಬಿದ್ದೇ ಮಣಿಕಟ್ಟು ಮುರಿದಿದೆ, ಜೊತೆಗೆ ಆಸ್ಟಿಯೋಪೀನಿಯಾ ಇದೆ. ಚಿಕಿತ್ಸೆ ಕೊಡಲು ಇಷ್ಟೇ ಸಾಕಾದ ಕಾರಣ.

ಹಂತ 3: ಔಷಧಿ ಆರಿಸಿ

ಸಾಮಾನ್ಯವಾಗಿ ಮೊದಲ ಆಯ್ಕೆ ಬಿಸ್‌ಫಾಸ್ಫೊನೇಟ್. ಅಲೆಂಡ್ರೊನೇಟ್ ವಾರಕ್ಕೊಮ್ಮೆ 70 ಮಿ.ಗ್ರಾಂ., ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಅನ್ನನಾಳ ಸುಡುತ್ತದೆ. ಔಷಧಿ ಮೂಳೆಗೆ ಅಂಟಿಕೊಂಡು ಆಸ್ಟಿಯೋಕ್ಲಾಸ್ಟ್ ಒಳಗೆ ಸೇರಿ, ಅದರ ಕೆಲಸಕ್ಕೆ ಬೇಕಾದ ಫಾರ್ನೆಸಿಲ್ ಪೈರೊಫಾಸ್ಫೇಟ್ ಸಿಂಥೇಸ್ ಎಂಬ ಎಂಜೈಮನ್ನು ತಡೆಯುತ್ತದೆ.

ಆದರೆ ಮೊದಲು ಕಿಡ್ನಿ ನೋಡಿ. ಕಿಡ್ನಿ ರಕ್ತದಿಂದ ಕ್ರಿಯಾಟಿನಿನ್ ತೆಗೆಯುವ ವೇಗ, ಅಂದರೆ ಕ್ಲಿಯರೆನ್ಸ್, ಕಾಕ್ರಾಫ್ಟ್-ಗಾಲ್ಟ್ ಸೂತ್ರದ ಪ್ರಕಾರ:

(140 − 68) × 48 × 0.85 ÷ (72 × 1.3) ≈ 31

ಕ್ಲಿಯರೆನ್ಸ್ ನಿಮಿಷಕ್ಕೆ 35 ಮಿ.ಲೀ.ಗಿಂತ ಕಡಿಮೆ ಇದ್ದರೆ ಅಲೆಂಡ್ರೊನೇಟ್ ಬೇಡ. ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಕೂಡ ಬೇಡ. ಬರೀ 1.3 ನೋಡಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಇಲ್ಲಿ ಹೊಂದುವುದು ಡೆನೊಸುಮ್ಯಾಬ್. ಇದು ರ‍್ಯಾಂಕ್-ಲಿಗಂಡನ್ನು ಹಿಡಿಯುವ ಆಂಟಿಬಾಡಿ. 6 ತಿಂಗಳಿಗೊಮ್ಮೆ ಚರ್ಮದಡಿಗೆ 60 ಮಿ.ಗ್ರಾಂ. ಕಿಡ್ನಿಯಿಂದ ಹೊರಹೋಗುವ ಔಷಧಿಯಲ್ಲ. ಕೊಡುವ ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಲೇಬೇಕು. ಕಿಡ್ನಿ ದುರ್ಬಲ ಇರುವವರಲ್ಲಿ ಇಂಜೆಕ್ಷನ್ ನಂತರ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಕುಸಿಯಬಹುದು. ಬೆರಳು, ತುಟಿ ಜೋಮು ಹಿಡಿಯುವುದು, ಸ್ನಾಯು ಸೆಳೆತ ಅದರ ಸುಳಿವು.

ಬೆನ್ನುಮೂಳೆ ಈಗಾಗಲೇ ಕುಸಿದಿದ್ದು ಸ್ಕೋರ್ ತೀರಾ ಕಡಿಮೆ ಇದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅಲ್ಲಿ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಅಥವಾ ಮೂಳೆ ಕಟ್ಟುವುದಕ್ಕೆ ಅಡ್ಡ ಬರುವ ಸ್ಕ್ಲೆರೊಸ್ಟಿನ್ ಪ್ರೋಟೀನನ್ನು ತಡೆಯುವ ರೊಮೊಸೊಜುಮ್ಯಾಬ್ ಮೊದಲು ಕೊಡುವ ಯೋಚನೆ ಮಾಡಬಹುದು. ಕಳೆದ ಒಂದು ವರ್ಷದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆದವರಿಗೆ ರೊಮೊಸೊಜುಮ್ಯಾಬ್ ಕೊಡಬಾರದು.

ಹಂತ 4: ನಿಲ್ಲಿಸುವುದನ್ನು ಮೊದಲೇ ಯೋಚಿಸಿ

ಬಿಸ್‌ಫಾಸ್ಫೊನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಅಪಾಯ ಕಡಿಮೆ ಇರುವವರಲ್ಲಿ ಕೆಲವು ವರ್ಷಗಳ ನಂತರ ಬಿಡುವು ಕೊಡಬಹುದು. ಡೆನೊಸುಮ್ಯಾಬ್ ಹಾಗಲ್ಲ. ಅದು ಮೂಳೆಯಲ್ಲಿ ಕೂರುವುದಿಲ್ಲ. ಆಂಟಿಬಾಡಿ ಕರಗಿದ ಕೂಡಲೇ ತಡೆದಿಟ್ಟ ಆಸ್ಟಿಯೋಕ್ಲಾಸ್ಟ್‌ಗಳು ಮೊದಲಿಗಿಂತ ಜೋರಾಗಿ ಎದ್ದೇಳುತ್ತವೆ. ಗಳಿಸಿದ ಸಾಂದ್ರತೆ ಇಳಿಯುತ್ತದೆ, ಕೆಲವರಲ್ಲಿ ಬೆನ್ನಿನ ಹಲವು ಮೂಳೆಗಳು ಒಟ್ಟಿಗೇ ಮುರಿಯುತ್ತವೆ.

ಬಿಡುವಾಗ ಬಿಸ್‌ಫಾಸ್ಫೊನೇಟ್‌ಗೆ ಬದಲಾಯಿಸುವುದು ಪದ್ಧತಿ. ನಮ್ಮ ರೋಗಿಗೆ ಆ ದಾರಿ ಕಿಡ್ನಿಯಿಂದಾಗಿ ಹೆಚ್ಚುಕಡಿಮೆ ಮುಚ್ಚಿದೆ. ಹಾಗಾಗಿ ಮೊದಲ ಇಂಜೆಕ್ಷನ್ ದಿನವೇ ಮುಂದಿನ ತಾರೀಖು ಬರೆದುಕೊಟ್ಟು, ತಡ ಮಾಡಿದರೆ ಏನಾಗುತ್ತದೆ ಎಂದು ಮನೆಯವರಿಗೂ ಬಿಡಿಸಿ ಹೇಳಬೇಕು. ಡೆಂಟಿಸ್ಟ್ ಹತ್ತಿರ ಹಲ್ಲು ಕೀಳಿಸುವುದು ಇದ್ದರೆ ಅದನ್ನು ಶುರುವಿಗೆ ಮುಂಚೆಯೇ ಮುಗಿಸಿಕೊಳ್ಳಲಿ. ಈ ಔಷಧಿಯಿಂದ ದವಡೆ ಮೂಳೆ ಸಾಯುವ ತೊಂದರೆ ಅಪರೂಪ, ಆದರೆ ಅದು ಹೆಚ್ಚಾಗಿ ಕಾಣಿಸುವುದು ಹಲ್ಲು ಕಿತ್ತ ಜಾಗದಲ್ಲೇ.