ಮೂರು ಸಲ ಸತ್ತ ಬ್ಯಾಟರಿ, ಒಂದು ಪತ್ರ

ಸರಕಾರಿ ಕಚೇರಿಯ ಆವಕ-ಜಾವಕ ಶಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಬಾಯಿಮಾತಿಗೆ ಟಪಾಲಿನಲ್ಲಿ ನಂಬರ್ ಬೀಳುವುದಿಲ್ಲ, ಕಾಗದಕ್ಕೆ ಬೀಳುತ್ತದೆ ಅನ್ನುವುದು ಗೊತ್ತಿದ್ದೂ, ನನ್ನ ಸ್ವಂತ ಗಾಡಿಯ ವಿಷಯದಲ್ಲಿ ಮೂರುವರೆ ತಿಂಗಳು ಬಾಯಿಮಾತು ನಂಬಿಕೊಂಡು ಕುಳಿತೆ.

ಡಿಸೆಂಬರಿನಲ್ಲಿ ವಿಜಯಪುರದ ಶೋರೂಮಿನಲ್ಲಿ ಹೊಸ ಪೆಟ್ರೋಲ್ ಕಾರು ತಗೊಂಡೆ. ದಿನಾ ಓಡಿಸುವವಳಲ್ಲ. ವಾರಕ್ಕೆರಡು ಸಲ ಸಂತೆ, ದವಾಖಾನೆ, ರವಿವಾರ ಇಂಡಿಗೆ ಅವ್ವನ ಮನೆ. ಏಪ್ರಿಲ್ 9ಕ್ಕೆ ಬೆಂಗಳೂರಿನಿಂದ ಐದು ದಿನದ ಮೇಲೆ ಬಂದು ಚಾವಿ ತಿರುಗಿಸಿದರೆ ಟಿಕ್ ಟಿಕ್ ಅಂತ ಸದ್ದು ಬಿಟ್ಟು ಬೇರೇನಿಲ್ಲ. ಶೋರೂಮಿನವರು ಒಯ್ದು ರಾತ್ರಿಯೆಲ್ಲ ಚಾರ್ಜ್ ಮಾಡಿ ಕೊಟ್ಟರು. ಜೂನ್ 3ಕ್ಕೆ, ಧಾರವಾಡದ ತರಬೇತಿ ಮುಗಿಸಿ ಬಂದಾಗ ಮತ್ತೆ ಅದೇ. ಆ ಸಲ ವಾರಂಟಿಯಲ್ಲಿ ಹೊಸ ಬ್ಯಾಟರಿ ಹಾಕಿದರು. ಜುಲೈ 21ಕ್ಕೆ, ನಾಲ್ಕು ದಿನ ಜ್ವರದಿಂದ ಮಲಗಿ ಎದ್ದಾಗ ಆ ಹೊಸದೂ ಹೋಯಿತು.

ಸರ್ವಿಸ್ ಅಡ್ವೈಸರ್ ಹುಡುಗ ಒಳ್ಳೆಯವನೇ. "ಮೇಡಂ, ಬ್ಯಾಟರಿ ಚೆಕ್ ಮಾಡೀವ್ರಿ, ಓಕೆ ಐತಿ. ನೀವು ಗಾಡಿ ಭಾಳ ನಿಲ್ಲಸ್ತೀರಿ, ಅದಕ್ಕ ಡೌನ್ ಆಗತೈತಿ" ಅಂದ. ಮೂರು ಜಾಬ್ ಕಾರ್ಡಿನಲ್ಲೂ ಇದ್ದದ್ದು ಒಂದೇ ಸಾಲು: ಬ್ಯಾಟರಿ ಪರೀಕ್ಷಿಸಲಾಗಿದೆ, ಸರಿ ಇದೆ. ಎಷ್ಟು ವೋಲ್ಟ್, ಯಾವ ಯಂತ್ರದಲ್ಲಿ ನೋಡಿದರು, ಚಾರ್ಜ್ ಮಾಡುವ ಮೊದಲೋ ಆಮೇಲೋ, ಒಂದೂ ಇಲ್ಲ.

ನನಗೆ ದಾರಿ ತೋರಿಸಿದವರು ನಮ್ಮ ಓಣಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟ ಹಿರಿಯರು. "ಅಕ್ಕಾರ, ಎರಡನೇ ಬ್ಯಾಟರಿನೂ ಹಂಗ ಸತ್ತರ ಬ್ಯಾಟರಿನಷ್ಟ ಬೈಬ್ಯಾಡ್ರಿ. ಒಂದು, ಬ್ಯಾಟರಿ ಕೆಟ್ಟಿರಬೇಕು. ಇಲ್ಲಾ ಗಾಡಿ ಅದನ್ನ ತುಂಬವಲ್ಲದು. ಇಲ್ಲಾ ಗಾಡಿ ನಿಂತಾಗ ಯಾವುದೋ ಅದನ್ನ ಕುಡೀತೈತಿ. ಮೂರಕ್ಕೂ ಬೇರೆ ಬೇರೆ ಚೆಕ್ ಅದಾವು" ಅಂದರು. 'ಬ್ಯಾಟರಿ ಓಕೆ' ಅನ್ನುವ ಮಾತು ಈ ಮೂರರಲ್ಲಿ ಯಾವುದನ್ನು ನೋಡಿ ಹೇಳಿದ್ದು? ನನ್ನ ಪತ್ರ ಹುಟ್ಟಿದ್ದು ಈ ಪ್ರಶ್ನೆಯಿಂದ.

ಬರೆಯುವ ಮೊದಲು ಎರಡು ಕೆಲಸ ಮಾಡಿದೆ. ಒಂದು, ಗಾಡಿ ನಿಂತ ದಿನ, ಸತ್ತ ದಿನ, ಕಿಲೋಮೀಟರ್, ಜಾಬ್ ಕಾರ್ಡ್ ನಂಬರ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ. ಬರೆದ ಕೂಡಲೇ ಕಂಡದ್ದು: ಮೂರು ಸಲವೂ ಗಾಡಿ ನಾಲ್ಕೈದು ದಿನ ನಿಂತಿತ್ತು. ದಿನ ಬಿಟ್ಟು ದಿನ ಓಡಿಸಿದ ವಾರದಲ್ಲಿ ಒಮ್ಮೆಯೂ ತೊಂದರೆ ಇಲ್ಲ. ಇನ್ನೊಂದು, ಜುಲೈ 21ರ ಬೆಳಗ್ಗೆ ಶೋರೂಮಿನವರು ಬರುವ ಮೊದಲೇ ಆ ಹಿರಿಯರನ್ನು ಕರೆಸಿ ಮಲ್ಟಿಮೀಟರ್ ಹಚ್ಚಿಸಿ, ಮೀಟರಿನ ಅಂಕಿ ಕಾಣುವ ಹಾಗೆ ಫೋಟೊ ತೆಗೆದೆ. 11.3 ವೋಲ್ಟ್ ಇತ್ತು. ತುಂಬಿದ ಬ್ಯಾಟರಿ ರಾತ್ರಿಯೆಲ್ಲ ಸುಮ್ಮನೆ ನಿಂತ ಮೇಲೆ 12.6ರ ಆಸುಪಾಸು ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ, 11.8ರ ಕೆಳಗೆ ಪೂರಾ ಖಾಲಿ. ಗಾಡಿ ಓಡಿಸಿ ನಿಲ್ಲಿಸಿದ ಕೂಡಲೇ ನೋಡಿದರೆ ಅಂಕಿ ಸುಳ್ಳೇ ಮೇಲೆ ಇರುತ್ತದೆ, ಅದನ್ನು ನಂಬಬಾರದು. ವೋಲ್ಟ್ ನೋಡುವುದು ಬಿಟ್ಟು ನಾವು ಇನ್ನೇನೂ ಮುಟ್ಟಲಿಲ್ಲ. ವೈರ್ ಬಿಚ್ಚಿ ಕರೆಂಟ್ ಅಳೆಯಲು ಹೋಗಿದ್ದರೆ, ನಾಳೆ 'ಹೊರಗಿನವರು ಕೈ ಹಚ್ಚಿದ್ದಾರೆ' ಅಂತ ವಾರಂಟಿಗೇ ಕುತ್ತು ಬರುತ್ತಿತ್ತು.

ಜುಲೈ 24ಕ್ಕೆ ಬರೆದ ಪತ್ರದ ಮುಖ್ಯ ಭಾಗ ಇದು:

ವಿಷಯ: ವಾರಂಟಿ ಅವಧಿಯಲ್ಲಿ ಬ್ಯಾಟರಿ ಮೂರು ಬಾರಿ ವಿಫಲವಾದ ಬಗ್ಗೆ, ಲಿಖಿತ ಪರೀಕ್ಷಾ ವರದಿ ಕೋರಿ.

ಉಲ್ಲೇಖ: ಏಪ್ರಿಲ್ 9, ಜೂನ್ 3 ಮತ್ತು ಜುಲೈ 21ರ ಜಾಬ್ ಕಾರ್ಡುಗಳು (ಪ್ರತಿ ಲಗತ್ತಿಸಿದೆ).

ಮಾನ್ಯರೇ,

ಮೇಲ್ಕಂಡ ವಾಹನದ ಬ್ಯಾಟರಿ ಉಲ್ಲೇಖಿತ ಮೂರು ದಿನಾಂಕಗಳಂದು ಪೂರ್ಣ ಖಾಲಿಯಾಗಿ ವಾಹನ ಚಾಲೂ ಆಗಿರುವುದಿಲ್ಲ. ಮೂರೂ ಸಂದರ್ಭಗಳಲ್ಲಿ ವಾಹನ ನಾಲ್ಕರಿಂದ ಐದು ದಿನ ನಿಂತಿತ್ತು. ಜೂನ್ 3ರಂದು ಬದಲಿಸಿಕೊಟ್ಟ ಹೊಸ ಬ್ಯಾಟರಿಯೂ ಏಳು ವಾರದೊಳಗೆ ಇದೇ ರೀತಿ ವಿಫಲವಾಗಿದೆ. ಜುಲೈ 21ರಂದು ತಮ್ಮ ಸಿಬ್ಬಂದಿ ಬರುವ ಮೊದಲು ಅಳೆದಾಗ 11.3 ವೋಲ್ಟ್ ಇತ್ತು (ಫೋಟೊ ಲಗತ್ತಿಸಿದೆ). ಕಾರಣ ಇದುವರೆಗೆ ನನಗೆ ಲಿಖಿತವಾಗಿ ತಿಳಿಸಿರುವುದಿಲ್ಲ.

ಆದ್ದರಿಂದ ವಾಹನವನ್ನು ಪರೀಕ್ಷೆಗೆ ಒಪ್ಪಿಸಲು ಸಿದ್ಧಳಿದ್ದು, ಈ ಕೆಳಗಿನವುಗಳನ್ನು ದಿನಾಂಕ, ಪರೀಕ್ಷಿಸಿದವರ ಸಹಿ ಮತ್ತು ಮೊಹರಿನೊಂದಿಗೆ 10 ದಿನಗಳಲ್ಲಿ ಕೊಡಬೇಕೆಂದು ಕೋರುತ್ತೇನೆ:

1. ಬ್ಯಾಟರಿಯ ಕ್ರಮಸಂಖ್ಯೆ, ತಯಾರಿಕೆಯ ದಿನಾಂಕ. ಚಾರ್ಜ್ ಮಾಡುವ ಮೊದಲಿನ ಮತ್ತು ನಂತರದ ವೋಲ್ಟ್. ಪರೀಕ್ಷಾ ಯಂತ್ರದ ಮೂಲ ಚೀಟಿ.

2. ಎಂಜಿನ್ ಚಾಲೂ ಇದ್ದಾಗ, ಹೆಡ್‌ಲೈಟ್ ಮತ್ತು ಎಸಿ ಹಾಕಿ, ಚಾರ್ಜಿಂಗ್ ವೋಲ್ಟ್. ಅದರ ಪಕ್ಕದಲ್ಲಿ ಕಂಪನಿಯು ನಿಗದಿ ಮಾಡಿದ ಮಿತಿ.

3. ವಾಹನ ಲಾಕ್ ಆಗಿ ಕನಿಷ್ಠ ಅರ್ಧ ತಾಸಿನ ನಂತರ ಬ್ಯಾಟರಿಯಿಂದ ಹರಿಯುವ ಕರೆಂಟು, ಮಿಲಿ ಆಂಪಿಯರಿನಲ್ಲಿ. ಅದಕ್ಕೂ ಕಂಪನಿಯ ಮಿತಿ.

4. ಬದಲಿಸಿದ ಬ್ಯಾಟರಿಯ ವಾರಂಟಿ ಯಾವ ದಿನದಿಂದ ಯಾವ ದಿನದವರೆಗೆ.

ತಮ್ಮ ವಿಶ್ವಾಸಿ

ಪತ್ರದಲ್ಲಿ ಸಿಟ್ಟಿನ ಒಂದು ಪದವೂ ಇಲ್ಲ, ಅದು ಬೇಕಂತಲೇ. 'ಮೋಸ', 'ನಿರ್ಲಕ್ಷ್ಯ' ಅಂತ ಬರೆದರೆ ಅವರು ಆ ಪದಕ್ಕೆ ಉತ್ತರ ಕೊಡುತ್ತಾರೆ, ಅಂಕಿ ಕೊಡುವುದಿಲ್ಲ. ಗ್ರಾಹಕ ಆಯೋಗದ ಹೆಸರನ್ನೂ ಎತ್ತಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ವಸ್ತುವಿನ ದೋಷ ಪರೀಕ್ಷೆಯಿಲ್ಲದೆ ತಿಳಿಯದಿದ್ದರೆ ಆಯೋಗವೇ ಅದನ್ನು ಪ್ರಯೋಗಾಲಯಕ್ಕೆ ಕಳಿಸುವ ಅವಕಾಶವಿದೆ, ದೂರು ಕೊಡಲು ಎರಡು ವರ್ಷದ ಗಡುವೂ ಇದೆ. ಆದರೆ ಅಲ್ಲಿಗೆ ಹೋದರೂ ಮೊದಲು ಕೇಳುವುದು ನೀವು ಏನು ಬರೆದಿರಿ, ಅವರು ಏನು ಬರೆದುಕೊಟ್ಟರು ಅಂತಲೇ. ಒಂದು ಪ್ರತಿಯನ್ನು ಕೈಯಾರೆ ಒಯ್ದು ಕೊಟ್ಟು, ನನ್ನ ಪ್ರತಿಯ ಮೇಲೆ 'ಸ್ವೀಕರಿಸಿದೆ' ಅಂತ ಸಹಿ, ಸೀಲು, ದಿನಾಂಕ ಹಾಕಿಸಿಕೊಂಡೆ. ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲಿನಲ್ಲಿ ಪ್ರತಿ ಕಳಿಸಿದೆ. ಈ ಎರಡನೆಯದರಿಂದಲೇ ಮರುದಿನ ವರ್ಕ್ಸ್ ಮ್ಯಾನೇಜರ್ ಫೋನ್ ಮಾಡಿದರು ಅಂತ ನನ್ನ ನಂಬಿಕೆ.

ಪರೀಕ್ಷೆಯ ದಿನ ನಾನೂ ನಿಂತು ನೋಡಿದೆ. ಮೊದಲ ಚೀಟಿ ಬಂತು: ಬ್ಯಾಟರಿ ಚೆನ್ನಾಗಿದೆ ಅಂತ. ಚೀಟಿಯಲ್ಲಿ ಸಿಸಿಎ ಅಂತ ಒಂದು ಅಂಕಿ ಇರುತ್ತದೆ, ಎಂಜಿನ್ ಎಬ್ಬಿಸಲು ಬ್ಯಾಟರಿ ಕೊಡಬಲ್ಲ ಜೋರು ಅದು. ಬ್ಯಾಟರಿಯ ಮೇಲೆ ಅಂಟಿಸಿದ ಪಟ್ಟಿಯಲ್ಲಿ 300 ಇತ್ತು. ಹುಡುಗ ಯಂತ್ರಕ್ಕೆ ಕೊಟ್ಟದ್ದು 200. ಬ್ಯಾಟರಿ ತೋರಿಸಿದ್ದು 205. ಇನ್ನೂರಕ್ಕೆ ಇನ್ನೂರೈದು ಬಂದರೆ ಯಂತ್ರ ಒಳ್ಳೆಯದೆಂದೇ ಹೇಳುತ್ತದೆ! ಪಟ್ಟಿ ತೋರಿಸಿ "ತಮ್ಮಾ, ಇಲ್ಲಿ ಮುನ್ನೂರು ಐತಲ್ಲ" ಅಂದೆ. ಪಟ್ಟಿಯ ಮೇಲಿನ ಅಂಕಿ ಮತ್ತು ಅದರ ಮಾನಕ ಎರಡನ್ನೂ ಸರಿಯಾಗಿ ಕೊಟ್ಟು ಮತ್ತೆ ಮಾಡಿದರು. 'ಬದಲಿಸಿ' ಅಂತ ಬಂತು. ಮೂಲ ಚೀಟಿ ಕೇಳಿದ್ದು ಇದಕ್ಕೇ. ಬರೀ ಫಲಿತಾಂಶ ಬರೆದುಕೊಟ್ಟಿದ್ದರೆ ಈ ತಪ್ಪು ನನಗೆ ಕಾಣುತ್ತಲೇ ಇರಲಿಲ್ಲ.

ಚಾರ್ಜಿಂಗ್ 14.2 ವೋಲ್ಟ್ ಬಂತು, ಕಂಪನಿಯ ಮಿತಿಯೊಳಗೇ. ಅಂದರೆ ಗಾಡಿ ತುಂಬುತ್ತಿದೆ. ಉಳಿದದ್ದು ಮೂರನೆಯದು. ಗಾಡಿ ಲಾಕ್ ಮಾಡಿ, ಚಾವಿಯನ್ನು ದೂರದ ಕೋಣೆಯಲ್ಲಿಟ್ಟು, ನಲವತ್ತು ನಿಮಿಷ ಕಾದೆವು. ಒಳಗಿನ ಕಂಪ್ಯೂಟರುಗಳೆಲ್ಲ ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು, ಅದಕ್ಕೆ ಮೊದಲು ಅಳೆದರೆ ಅಂಕಿಗೆ ಅರ್ಥವಿಲ್ಲ. ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗಿರಬೇಕು. ಮೀಟರ್ ತೋರಿಸಿದ್ದು 340.

ಲೆಕ್ಕ ಅಲ್ಲೇ ಚೀಟಿಯ ಹಿಂದೆ ಮಾಡಿದೆ. 0.34 ಆಂಪಿಯರ್ ಇಪ್ಪತ್ನಾಲ್ಕು ತಾಸು ಅಂದರೆ ದಿನಕ್ಕೆ ಎಂಟು ಆಂಪಿಯರ್-ಅವರ್. ನನ್ನ ಬ್ಯಾಟರಿ 35ರದ್ದು. ನಾಲ್ಕು ದಿನಕ್ಕೆ ಮೂವತ್ತೆರಡು ಹೋಯಿತು, ಇನ್ನೇನು ಉಳಿಯಿತು? ಅದೇ ಗಾಡಿ 30 ಮಿಲಿ ಆಂಪಿಯರ್ ಕುಡಿದಿದ್ದರೆ ಅರ್ಧ ಖಾಲಿಯಾಗಲು ಮೂರು ವಾರ ಮೇಲೆ ಬೇಕಿತ್ತು. 'ನೀವು ಭಾಳ ನಿಲ್ಲಸ್ತೀರಿ' ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಫ್ಯೂಸ್ ಒಂದೊಂದಾಗಿ ತೆಗೆದು ನೋಡಿದಾಗ ಟಚ್ ಸ್ಕ್ರೀನಿನ ಫ್ಯೂಸ್ ತೆಗೆದ ಕೂಡಲೇ 340 ಇದ್ದದ್ದು 20ಕ್ಕೆ ಇಳಿಯಿತು. ಡೆಲಿವರಿ ದಿನ ಶೋರೂಮಿನಲ್ಲೇ ಹಾಕಿಸಿದ ಟಚ್ ಸ್ಕ್ರೀನ್ ಮತ್ತು ಹಿಂದಿನ ಕ್ಯಾಮೆರಾ ಅವು. ಚಾವಿ ಆಫ್ ಆದಾಗ ಬಂದ್ ಆಗುವ ವೈರಿಗೆ ಕೊಡಬೇಕಾದ ಜೋಡಣೆಯನ್ನು ಸದಾ ಕರೆಂಟ್ ಇರುವ ವೈರಿಗೆ ಕೊಟ್ಟಿದ್ದರು. ಆಕ್ಸೆಸರಿ ಬಿಲ್ಲು ಅವರದ್ದೇ ಇದ್ದುದರಿಂದ ವಾದಕ್ಕೆ ಜಾಗ ಉಳಿಯಲಿಲ್ಲ. ಅದನ್ನೇ ನಾನು ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದರೆ ಇದೇ ವರದಿ ನನಗೇ ಎದುರಾಗುತ್ತಿತ್ತು ಅನ್ನುವುದನ್ನು ಓದುವವರು ಮರೆಯಬಾರದು.

ವೈರ್ ಸರಿ ಮಾಡಿಕೊಟ್ಟರು. ಆದರೆ ಅಷ್ಟಕ್ಕೆ ಒಪ್ಪಲಿಲ್ಲ. ಪೂರಾ ಖಾಲಿಯಾಗಿ ನಿಂತ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂಡುತ್ತದೆ, ಅದು ಚಾರ್ಜಿಗೆ ಪೂರ್ತಿ ಕರಗುವುದಿಲ್ಲ. ವಿಜಯಪುರದ ಬಿಸಿಲು ಬೇರೆ. 'ಬದಲಿಸಿ' ಅಂದ ಚೀಟಿ ಕೈಯಲ್ಲಿತ್ತು, ಮೂರನೇ ಬ್ಯಾಟರಿ ಕೊಟ್ಟರು. ವರದಿ ಪತ್ರ ಒಂಬತ್ತನೇ ದಿನ ಕೈಗೆ ಬಂತು. ನಾಲ್ಕನೇ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ, ಅದಕ್ಕೆ ಎರಡು ಸಾಲಿನ ಜ್ಞಾಪನ ಬರೆಯಬೇಕಾಯಿತು. ಬಂದ ಉತ್ತರ: ಬದಲಿ ಬ್ಯಾಟರಿಗೆ ಹೊಸದಾಗಿ ವಾರಂಟಿ ಶುರುವಾಗುವುದಿಲ್ಲ, ಗಾಡಿ ಕೊಂಡ ದಿನದಿಂದ ಉಳಿದ ಅವಧಿಯಷ್ಟೇ. ಬೇಸರವಾಯಿತು, ಆದರೆ ಈಗ ಕೊನೆಯ ದಿನ ಯಾವುದು ಅಂತ ನನಗೆ ಬರಹದಲ್ಲಿ ಗೊತ್ತಿದೆ. ಆ ದಿನಕ್ಕೆ ಒಂದು ತಿಂಗಳು ಮುಂಚೆ ಇನ್ನೊಮ್ಮೆ ಪರೀಕ್ಷೆ ಮಾಡಿಸಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ದಸರೆಗೆ ಹನ್ನೊಂದು ದಿನ ಗಾಡಿ ನಿಲ್ಲಿಸಿ ಊರಿಗೆ ಹೋಗಿದ್ದೆ. ಬಂದು ಮೊದಲು ವೋಲ್ಟ್ ನೋಡಿಸಿದೆ: 12.5. ಆಮೇಲೆ ಚಾವಿ ತಿರುಗಿಸಿದೆ. ಮೊದಲ ಸುತ್ತಿಗೇ ಎದ್ದಿತು.